ಕ್ರಷರ್ ಧೂಳನ್ನು ಯಾರ ಮೈಮೇಲೆ ಅಳೆಯಬೇಕು: ಸಮಾನ ಒಡ್ಡಿಕೆಯ ಗುಂಪು ಕಟ್ಟಿ ಸ್ಯಾಂಪಲ್ ತೆಗೆಯುವ ಸಮಗ್ರ ಮಾರ್ಗದರ್ಶಿ

ಚಿಕ್ಕಬಳ್ಳಾಪುರ ಸುತ್ತಮುತ್ತಲ ಜಲ್ಲಿ ಕ್ರಷರ್‌ಗಳಲ್ಲಿ ಧೂಳಿನ ವಿಚಾರ ಎತ್ತಿದರೆ ಸಾಮಾನ್ಯವಾಗಿ ಒಂದು ಫೈಲ್ ಹೊರಗೆ ಬರುತ್ತದೆ. "ರಿಪೋರ್ಟ್ ಇದೆಯಲ್ಲ ಸಾರ್, ಎಲ್ಲಾ ಲಿಮಿಟ್ ಒಳಗೇ ಇದೆ." ತೆರೆದು ನೋಡಿದರೆ ಅದು ಮಾಲಿನ್ಯ ನಿಯಂತ್ರಣದ ರಿಪೋರ್ಟ್. ಯಂತ್ರದಿಂದ ನಿಗದಿತ ದೂರದಲ್ಲಿ ಗಾಳಿಯಲ್ಲಿ ತೇಲುವ ಒಟ್ಟು ಧೂಳು ಘನ ಮೀಟರಿಗೆ 600 ಮೈಕ್ರೋಗ್ರಾಂ ಮೀರಬಾರದು ಎಂಬ ಪರಿಸರ ನಿಯಮಕ್ಕಾಗಿ ಮಾಡಿಸಿದ್ದು. ಆ ಅಂಕಿ ಸುಳ್ಳಲ್ಲ. ಆದರೆ ಬೆಲ್ಟ್ ಕೆಳಗೆ ಬಗ್ಗಿ ಪುಡಿ ಬಾಚುವ ಹೆಂಗಸಿನ ಶ್ವಾಸಕೋಶಕ್ಕೆ ಎಷ್ಟು ಸಿಲಿಕಾ ಹೋಯಿತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಅದು ದಪ್ಪ ಧೂಳನ್ನೂ ಸೇರಿಸಿ ತೂಗುತ್ತದೆ, ಅದರಲ್ಲಿ ಕ್ವಾರ್ಟ್ಜ್, ಅಂದರೆ ಕಲ್ಲಿನಲ್ಲಿರುವ ಸಿಲಿಕಾ, ಎಷ್ಟೆಂದು ಹೇಳುವುದಿಲ್ಲ. ಜೊತೆಗೆ ಸ್ಯಾಂಪ್ಲರ್ ಇದ್ದದ್ದು ಆಕೆಯ ಹತ್ತಿರವಲ್ಲ, ದೂರದ ಸ್ಟ್ಯಾಂಡಿನ ಮೇಲೆ.

ಈ ಬರಹ ಸುರಕ್ಷತಾಧಿಕಾರಿಗಳಿಗೆ, ಕ್ರಷರ್ ಮೇಲ್ವಿಚಾರಕರಿಗೆ, ಈ ಕೆಲಸಕ್ಕೆ ಹೊಸದಾಗಿ ಇಳಿದವರಿಗೆ. ಗ್ರಾನೈಟ್ ಕ್ರಷರ್ ಒಂದನ್ನೇ ಹಿಡಿದು, ಯಾರನ್ನು ಯಾರ ಜೊತೆ ಸೇರಿಸಿ ಅಳೆಯಬೇಕು, ಗಾಳಿ ಎಳೆದು ಧೂಳು ಹಿಡಿಯುವ ಪಂಪನ್ನು ಮೈಗೆ ಕಟ್ಟುವುದೋ ಸ್ಟ್ಯಾಂಡಿಗೆ ಕಟ್ಟುವುದೋ, ಬಂದ ಅಂಕಿಗಳಿಂದ ಏನು ತೀರ್ಮಾನಿಸಬಹುದು ಎಂದು ನೋಡೋಣ. ಉದಾಹರಣೆಯ ಕ್ರಷರೂ ಅದರ ಅಂಕಿಗಳೂ ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡವು. ಯಾವುದೇ ನಿಜವಾದ ಘಟಕದವಲ್ಲ.

ಮೊದಲು: ಯಾವ ಮಿತಿಗೆ ಹೋಲಿಸುತ್ತೀರಿ?

ಇದನ್ನು ಪಂಪ್ ಬಾಡಿಗೆಗೆ ತರುವ ಮುಂಚೆಯೇ ಬರೆದಿಡಿ. ಫಲಿತಾಂಶ ಬಂದ ಮೇಲೆ ಮಿತಿ ಹುಡುಕಲು ಹೊರಟರೆ ಎಲ್ಲರಿಗೂ ಅನುಕೂಲವಾದ ಮಿತಿಯೇ ಕೈಗೆ ಸಿಗುತ್ತದೆ.

2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆ 1948ರ ಎರಡನೇ ಅನುಸೂಚಿಯಲ್ಲಿ ಕ್ವಾರ್ಟ್ಜ್‌ಗೆ ಸಿದ್ಧ ಅಂಕಿ ಇರಲಿಲ್ಲ, ಒಂದು ಸೂತ್ರವಿತ್ತು. ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ ಸಣ್ಣ ಧೂಳಿಗೆ ಅದು ಹೀಗಿತ್ತು:

```
10 / (% quartz + 2)   mg/m3
```

ನಮ್ಮ ಗ್ರಾನೈಟ್‌ನ ಸಣ್ಣ ಧೂಳಿನಲ್ಲಿ ಶೇ 25 ಕ್ವಾರ್ಟ್ಜ್ ಇದೆ ಎಂದುಕೊಳ್ಳಿ. 10ನ್ನು 27ರಿಂದ ಭಾಗಿಸಿದರೆ ಧೂಳಿನ ಮಿತಿ 0.37 ಮಿಲಿಗ್ರಾಂ, ಅದರ ಕಾಲುಭಾಗ ಕ್ವಾರ್ಟ್ಜ್, ಅಂದರೆ ಸುಮಾರು 0.09. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ಕ್ವಾರ್ಟ್ಜ್‌ಗೆ ಇಟ್ಟಿರುವ ಮಿತಿ ಎಂಟು ಗಂಟೆಯ ಸರಾಸರಿಗೆ 0.05. ಅಲ್ಲಿನದೇ ಔದ್ಯೋಗಿಕ ಆರೋಗ್ಯ ತಜ್ಞರ ಸಂಘ ಎಸಿಜಿಐಎಚ್ ಸೂಚಿಸುವುದು ಇನ್ನೂ ಕಡಿಮೆ, 0.025. ನಾನು 0.05 ಇಟ್ಟುಕೊಂಡು ಮುಂದುವರಿಯುತ್ತೇನೆ. ಕಾನೂನಿನ ಸೂತ್ರ ಪಾಲಿಸಿದರೆ ನೋಟಿಸ್ ಬರದಿರಬಹುದು, ಆದರೆ ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಬರುವುದಿಲ್ಲ ಎಂದು ಆ ಅಂಕಿಯ ಮೇಲೆ ಭರವಸೆ ಕೊಡಲು ನನಗೆ ಧೈರ್ಯವಿಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1934ರಲ್ಲಿ, ಇಲ್ಲೇ ಪಕ್ಕದ ಕೋಲಾರದ ಚಿನ್ನದ ಗಣಿಯಿಂದ ಎಂಬುದು ಈ ಸೀಮೆಯವರಿಗೆ ನೆನಪಿರಲಿ.

ಎರಡನೆಯದು: ಹಾಜರಿ ಪುಸ್ತಕ ಮುಚ್ಚಿಟ್ಟು ಒಂದು ಪೂರ್ತಿ ದಿನ ನಿಂತು ನೋಡಿ

ಒಂದೇ ರೀತಿಯ ಕೆಲಸವನ್ನು, ಒಂದೇ ರೀತಿಯ ಜಾಗದಲ್ಲಿ, ಹೆಚ್ಚುಕಡಿಮೆ ಅಷ್ಟೇ ಹೊತ್ತು ಮಾಡುವವರು ಸರಿಸುಮಾರು ಅಷ್ಟೇ ಧೂಳು ಉಸಿರಾಡುತ್ತಾರೆ. ಹಾಗಿದ್ದರೆ ಎಲ್ಲರಿಗೂ ಪಂಪ್ ಕಟ್ಟಬೇಕಿಲ್ಲ. ಕೆಲವರಿಂದ ತೆಗೆದ ಸ್ಯಾಂಪಲ್ ಎಲ್ಲರ ಪರವಾಗಿ ಮಾತಾಡುತ್ತದೆ. ಇಂಥವರದ್ದೇ ಸಮಾನ ಒಡ್ಡಿಕೆಯ ಗುಂಪು. ಇಡೀ ಯೋಜನೆ ನಿಂತಿರುವುದು ಈ ಒಂದು ಊಹೆಯ ಮೇಲೆ. ಅದು ತಪ್ಪಿದರೆ ಪಂಪ್ ಎಷ್ಟು ದುಬಾರಿಯದಾದರೂ, ಲ್ಯಾಬ್ ಎಷ್ಟು ಒಳ್ಳೆಯದಾದರೂ ಬರುವ ಉತ್ತರ ತಪ್ಪೇ.

ನಮ್ಮ ಉದಾಹರಣೆಯ ಕ್ರಷರ್‌ನಲ್ಲಿ 18 ಜನ. ಹಾಜರಿ ಪುಸ್ತಕದ ಪ್ರಕಾರ ಆಪರೇಟರ್ 2, ಲೋಡರ್ ಮತ್ತು ಜೆಸಿಬಿ ಡ್ರೈವರ್ 3, ಫಿಟ್ಟರ್ 2, ವೇಬ್ರಿಡ್ಜ್‌ನಲ್ಲಿ 2, ಉಳಿದ 9 ಜನರ ಮುಂದೆ ಒಂದೇ ಪದ: ಹೆಲ್ಪರ್. ಈ ಒಂಬತ್ತು ಜನರನ್ನು ಒಂದೇ ಗುಂಪು ಮಾಡಬೇಕೆಂಬ ಆಸೆ ಯಾರಿಗಾದರೂ ಬರುತ್ತದೆ. ಸಂಬಳ ಒಂದೇ, ಶಿಫ್ಟ್ ಒಂದೇ, ಶೆಡ್ ಒಂದೇ.

ಬೆಳಿಗ್ಗೆ ಯಂತ್ರ ಶುರುವಾಗುವುದರಿಂದ ಸಂಜೆ ನಿಲ್ಲುವವರೆಗೆ ಅಲ್ಲೇ ಇದ್ದು, ಹದಿನೈದು ನಿಮಿಷಕ್ಕೊಮ್ಮೆ ಪ್ರತಿಯೊಬ್ಬರೂ ಎಲ್ಲಿದ್ದಾರೆ, ಕೈಯಲ್ಲಿ ಏನಿದೆ ಎಂದು ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಸಂಜೆಯ ಹೊತ್ತಿಗೆ ಆ ಒಂಬತ್ತು ಜನ ಎರಡು ಪಾಲಾಗಿರುತ್ತಾರೆ. ಐದು ಜನ ಬೆಲ್ಟ್ ಕೆಳಗೆ ಸೋರಿದ ಪುಡಿಯನ್ನು ಪೊರಕೆ, ಸಲಿಕೆಯಿಂದ ಬಾಚಿ ಮತ್ತೆ ಬೆಲ್ಟಿಗೆ ಹಾಕುತ್ತಾರೆ, ಸ್ಕ್ರೀನ್‌ನಲ್ಲಿ ಕಲ್ಲು ಸಿಕ್ಕಿಕೊಂಡರೆ ಹತ್ತಿ ಬಿಡಿಸುತ್ತಾರೆ. ನಾಲ್ಕು ಜನ ಯಾರ್ಡಿನಲ್ಲಿ ಟಿಪ್ಪರ್ ಹಿಂದಕ್ಕೆ ಬರುವಾಗ ದಾರಿ ತೋರಿಸುತ್ತಾರೆ, ಪೈಪಿನಲ್ಲಿ ನೀರು ಹೊಡೆಯುತ್ತಾರೆ, ಲೋಡ್ ಮೇಲೆ ಟಾರ್ಪಾಲ್ ಕಟ್ಟುತ್ತಾರೆ.

ನೋಡುವಾಗ ಎರಡು ವಿಷಯ ವಿಶೇಷವಾಗಿ ಬರೆದುಕೊಳ್ಳಿ. ಒಂದು, ಯಾರು ಯಾರ ಜಾಗಕ್ಕೆ ಹೋಗುತ್ತಾರೆ. ಯಾರ್ಡಿನವನೊಬ್ಬ ವಾರಕ್ಕೆರಡು ದಿನ ಬೆಲ್ಟ್ ಕೆಲಸಕ್ಕೆ ಹೋಗುತ್ತಿದ್ದರೆ ಅವನು ಎರಡೂ ಗುಂಪಿನವನಲ್ಲ; ಯಾವ ದಿನ ಏನು ಮಾಡಿದ ಎಂಬುದರ ಮೇಲೆ ಆ ದಿನದ ಸ್ಯಾಂಪಲ್ ಯಾವ ಗುಂಪಿನದೆಂದು ತೀರ್ಮಾನ. ಎರಡು, ಒಂದೇ ಕೆಲಸ ಮಾಡುವ ರೀತಿ. ಒಬ್ಬಾಕೆ ನೀರು ಚಿಮುಕಿಸಿ ಗುಡಿಸುತ್ತಾಳೆ, ಇನ್ನೊಬ್ಬಾಕೆ ಒಣಗಿದ್ದನ್ನೇ ಗುಡಿಸುತ್ತಾಳೆ. ಇದನ್ನು ಮೇಲ್ವಿಚಾರಕರನ್ನು ಕೇಳಿ ತಿಳಿಯಲು ಆಗುವುದಿಲ್ಲ. ಬಾಗೇಪಲ್ಲಿ ಕಡೆಯಿಂದ ಬಂದವರ ಜೊತೆ ತೆಲುಗು, ಬಿಹಾರ ಒಡಿಶಾದಿಂದ ಬಂದವರ ಜೊತೆ ಹಿಂದಿ ಬಲ್ಲವರೊಬ್ಬರು ಪಕ್ಕದಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ.

ಹಾಗೆ ನೋಡಿದ ಮೇಲೆ ಗುಂಪುಗಳು: ಬೆಲ್ಟ್ ಹೆಲ್ಪರ್ 5, ಯಾರ್ಡ್ ಹೆಲ್ಪರ್ 4, ಕ್ಯಾಬಿನ್ ಆಪರೇಟರ್ 2, ಡ್ರೈವರ್ 3, ಫಿಟ್ಟರ್ 2, ವೇಬ್ರಿಡ್ಜ್ 2. ಫಿಟ್ಟರ್‌ಗಳ ಮಾತು ಬೇರೆ, ಕೊನೆಗೆ ಹೇಳುತ್ತೇನೆ.

ಮೂರನೆಯದು: ಮೈಗೆ ಕಟ್ಟುವುದು, ಸ್ಟ್ಯಾಂಡಿಗೆ ಕಟ್ಟುವುದು

ವ್ಯಕ್ತಿಗತ ಸ್ಯಾಂಪಲ್ ಅಂದರೆ ಪಂಪ್ ಸೊಂಟದ ಬೆಲ್ಟಿನಲ್ಲಿ, ದಪ್ಪ ಕಣಗಳನ್ನು ಬೇರ್ಪಡಿಸುವ, ಫಿಲ್ಟರ್ ಇರುವ ಸೈಕ್ಲೋನ್ ಎಂಬ ಸಣ್ಣ ಡಬ್ಬಿ ಕಾಲರ್ ಹತ್ತಿರ, ಮೂಗು-ಬಾಯಿಯ ಮುಂದೆ ಸುಮಾರು 30 ಸೆಂಟಿಮೀಟರ್ ಒಳಗೆ. ಕೆಲಸಗಾರ ಎಲ್ಲಿ ಹೋದರೂ ಅದೂ ಹೋಗುತ್ತದೆ. ಸ್ಥಳ ಸ್ಯಾಂಪಲ್ ಅಂದರೆ ಅದೇ ಉಪಕರಣವನ್ನು ಸ್ಟ್ಯಾಂಡಿನ ಮೇಲೆ ಒಂದೇ ಕಡೆ ಇಡುವುದು. 1960ರಲ್ಲಿ ಇಂಗ್ಲೆಂಡಿನ ಶೆರ್ವುಡ್ ಮತ್ತು ಗ್ರೀನ್‌ಹಾಲ್ ಮೈಗೆ ಕಟ್ಟುವ ಸ್ಯಾಂಪ್ಲರನ್ನು ವಿವರಿಸಿದಾಗಿನಿಂದ ಎರಡರ ಅಂಕಿಗಳು ಹೊಂದುವುದಿಲ್ಲ ಎಂಬುದು ಗೊತ್ತಿರುವ ವಿಷಯವೇ. ಏಕೆ ಹೊಂದುವುದಿಲ್ಲ ಎಂದು ಬೆಲ್ಟ್ ಕೆಳಗೆ ನಿಂತು ನೋಡಿದರೆ ಗೊತ್ತಾಗುತ್ತದೆ. ಬೆಲ್ಟಿನ ತುದಿಯ ಬಳಿ ಒಂದೂವರೆ ಮೀಟರ್ ಎತ್ತರದಲ್ಲಿಟ್ಟ ಸ್ಯಾಂಪ್ಲರ್ 0.03 ತೋರಿಸುತ್ತದೆ ಎನ್ನಿ. ಅಲ್ಲೇ ಎರಡು ಮಾರು ದೂರದಲ್ಲಿ ಗುಡಿಸುವ ಹೆಂಗಸಿನ ಕಾಲರ್‌ನಲ್ಲಿ 0.11 ಬರುತ್ತದೆ. ಆಕೆ ಉಸಿರಾಡುವ ಧೂಳನ್ನು ಎಬ್ಬಿಸುವುದು ಯಂತ್ರವಲ್ಲ, ಆಕೆಯದೇ ಪೊರಕೆ. ಬಗ್ಗಿ ಗುಡಿಸುವಾಗ ಮುಖ ಆ ಮೋಡದ ಒಳಗೇ ಇರುತ್ತದೆ. ತಲೆಕೆಳಗಾಗುವುದೂ ಉಂಟು: ಸ್ಕ್ರೀನ್ ಪಕ್ಕದ ಸ್ಟ್ಯಾಂಡ್ 0.4 ತೋರಿಸಬಹುದು, ಆದರೆ ಅಲ್ಲಿ ದಿನಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಯಾರೂ ನಿಲ್ಲುವುದಿಲ್ಲ.

ಇಷ್ಟಾದರೂ ಸ್ಟ್ಯಾಂಡನ್ನು ಎಸೆಯಬೇಡಿ. ಧೂಳು ಎಲ್ಲಿಂದ ಬರುತ್ತಿದೆ, ನೀರಿನ ಸ್ಪ್ರೇ ಹಾಕಿದ ಮೇಲೆ ಕಡಿಮೆಯಾಯಿತೇ, ಕ್ಯಾಬಿನ್ ಹೊರಗೆ ಮತ್ತು ಒಳಗೆ ಎಷ್ಟು ವ್ಯತ್ಯಾಸ ಎಂಬ ಪ್ರಶ್ನೆಗಳಿಗೆ ಸ್ಥಳ ಸ್ಯಾಂಪಲ್ಲೇ ಸರಿ. ಅಲ್ಲಿ ಮನುಷ್ಯ ಓಡಾಡುವುದರಿಂದ ಬರುವ ಏರುಪೇರು ಇರುವುದಿಲ್ಲ. ಅದರ ಅಂಕಿಯನ್ನು ಮನುಷ್ಯನ ಮಿತಿಗೆ ಹೋಲಿಸಬಾರದು, ಅಷ್ಟೇ. ರಿಪೋರ್ಟಿನಲ್ಲೂ ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕಬೇಡಿ, ಹಾಕಿದರೆ ಯಾರೋ ಒಬ್ಬರು ಸರಾಸರಿ ತೆಗೆದೇ ತೆಗೆಯುತ್ತಾರೆ.

ನಾಲ್ಕನೆಯದು: ಯಾವ ದಿನ, ಯಾರಿಗೆ, ಎಷ್ಟು ಹೊತ್ತು

ಗುಂಪಿಗೆ ಆರು ಸ್ಯಾಂಪಲ್ ಎಂದು ಶುರುಮಾಡಿ. ಆರೂ ಒಂದೇ ದಿನ ಬೇಡ. ಒಬ್ಬರಿಂದ ಒಬ್ಬರಿಗೆ ಇರುವ ವ್ಯತ್ಯಾಸಕ್ಕಿಂತ ದಿನದಿಂದ ದಿನಕ್ಕೆ ಇರುವ ವ್ಯತ್ಯಾಸ ಎಷ್ಟೋ ಸಲ ಹೆಚ್ಚು: ಗಾಳಿಯ ದಿಕ್ಕು, ಕಲ್ಲಿನ ತೇವ, ಆ ದಿನ ಎಂ-ಸ್ಯಾಂಡ್ ಓಡಿಸಿದರೋ ಬರೀ ಜಲ್ಲಿಯೋ. ಯಂತ್ರ ಓಡುವ ದಿನಗಳನ್ನು ಚೀಟಿಯಲ್ಲಿ ಬರೆದು ಎತ್ತಿ, ಹೆಸರುಗಳನ್ನೂ ಚೀಟಿ ಎತ್ತಿಯೇ ಆರಿಸಿ. ಯಾರಾದರೂ ಇಬ್ಬರಿಗೆ ಬೇರೆ ಬೇರೆ ದಿನ ಎರಡೆರಡು ಸಲ ಬರುವಂತೆ ನೋಡಿಕೊಂಡರೆ, ವ್ಯತ್ಯಾಸ ಮನುಷ್ಯನದೋ ದಿನದ್ದೋ ಎಂಬ ಸುಳಿವು ಸಿಗುತ್ತದೆ. ಮಳೆಗಾಲದಲ್ಲಷ್ಟೇ ತೆಗೆದ ಸ್ಯಾಂಪಲ್ ಫೆಬ್ರುವರಿ, ಮಾರ್ಚ್‌ನ ಒಣ ದಿನಗಳ ಪರವಾಗಿ ಮಾತಾಡುವುದಿಲ್ಲ. ಹಾಗಾಗಿ ಕೆಲವು ಚೀಟಿ ಬೇಸಿಗೆಗೆ ಮೀಸಲಿಡಿ.

ಹೊತ್ತಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ನೈಲಾನ್ ಸೈಕ್ಲೋನ್ ಬಳಸಿದರೆ ಪಂಪ್ ನಿಮಿಷಕ್ಕೆ 1.7 ಲೀಟರ್ ಎಳೆಯಬೇಕು (ಅಲ್ಯೂಮಿನಿಯಂ ಸೈಕ್ಲೋನ್‌ಗೆ 2.5, ಒಂದರ ವೇಗ ಇನ್ನೊಂದಕ್ಕೆ ಹಾಕಿದರೆ ಬೇರೆ ಗಾತ್ರದ ಕಣಗಳೇ ಫಿಲ್ಟರಿಗೆ ಬರುತ್ತವೆ). 480 ನಿಮಿಷಕ್ಕೆ 816 ಲೀಟರ್ ಗಾಳಿ. ಎಕ್ಸ್-ರೇ ವಿಧಾನದಲ್ಲಿ ಲ್ಯಾಬ್ ಗುರುತಿಸಬಲ್ಲ ಕನಿಷ್ಠ ಕ್ವಾರ್ಟ್ಜ್ ಒಂದು ಫಿಲ್ಟರಿನ ಮೇಲೆ ಸುಮಾರು 0.005 ಮಿಲಿಗ್ರಾಂ. ಅದನ್ನು 0.816 ಘನ ಮೀಟರಿನಿಂದ ಭಾಗಿಸಿದರೆ 0.006, ಮಿತಿಗಿಂತ ಎಷ್ಟೋ ಕೆಳಗೆ, ಒಳ್ಳೆಯದು. ಆದರೆ "ಎರಡು ಗಂಟೆ ಸಾಕು ಬಿಡಿ" ಎಂದು 204 ಲೀಟರ್‌ಗೆ ನಿಲ್ಲಿಸಿದರೆ ಕಾಣಿಸುವ ಕನಿಷ್ಠ 0.025 ಆಗಿಬಿಡುತ್ತದೆ. ಆಗ "ಪತ್ತೆಯಾಗಿಲ್ಲ" ಎಂದು ಬಂದ ರಿಪೋರ್ಟಿನ ಅರ್ಥ, ಮಿತಿಯ ಅರ್ಧದಷ್ಟು ಇದ್ದರೂ ಇರಬಹುದು ಎಂದು. ರಿಪೋರ್ಟಿನಲ್ಲಿ ಆ ಮಾತು ಕಂಡರೆ ಮೊದಲು ಎಷ್ಟು ಲೀಟರ್ ಗಾಳಿ ಎಳೆದಿದ್ದಾರೆ ಎಂದು ನೋಡಿ.

ಶಿಫ್ಟ್ ಹತ್ತು ಗಂಟೆಯದಾದರೆ ಎಂಟು ಗಂಟೆಯ ಲೆಕ್ಕಕ್ಕೆ ತನ್ನಿ: 0.045ನ್ನು 10ರಿಂದ ಗುಣಿಸಿ 8ರಿಂದ ಭಾಗಿಸಿದರೆ 0.056. ಒಳಗಿದ್ದದ್ದು ಹೊರಗೆ ಹೋಯಿತು.

ಐದನೆಯದು: ಸ್ಯಾಂಪಲ್ ದಿನ

ಪಂಪಿನ ಹರಿವನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕ್ಯಾಲಿಬ್ರೇಟರ್‌ಗೆ ಹಚ್ಚಿ ನೋಡಿ, ಸೈಕ್ಲೋನ್ ಮತ್ತು ಫಿಲ್ಟರ್ ಜೋಡಿಸಿಯೇ. ಎರಡರ ನಡುವೆ ಶೇ 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಸ್ಯಾಂಪಲ್ ಬಿಟ್ಟುಬಿಡಿ. ಗಾಳಿ ಎಳೆಯದ ಒಂದೆರಡು ಖಾಲಿ ಫಿಲ್ಟರ್‌ಗಳನ್ನೂ ಜೊತೆಯಲ್ಲೇ ಲ್ಯಾಬಿಗೆ ಕಳಿಸಿ.

ಪಂಪ್ ಕಟ್ಟುವ ಮೊದಲು ಎರಡು ಮಾತು ಆಡಿ. "ಅಕ್ಕಾ, ಇದು ನೀವು ಕೆಲಸ ಮಾಡ್ತಿದ್ದೀರೋ ಇಲ್ವೋ ನೋಡೋಕಲ್ಲ, ಮಾತೂ ರೆಕಾರ್ಡ್ ಆಗಲ್ಲ. ಧೂಳು ಎಷ್ಟು ಅಂತ ನೋಡೋಕೆ. ದಿನಾ ಹೆಂಗೆ ಮಾಡ್ತೀರೋ ಹಂಗೇ ಮಾಡಿ. ಈ ಸಣ್ಣ ಡಬ್ಬಿ ಮಾತ್ರ ತಲೆಕೆಳಗು ಮಾಡ್ಬೇಡಿ." ಕೊನೆಯ ಮಾತು ಬಹಳ ಮುಖ್ಯ. ಸೈಕ್ಲೋನ್ ದಪ್ಪ ಕಣಗಳನ್ನು ಕೆಳಗಿನ ಸಣ್ಣ ಬಟ್ಟಲಿಗೆ ಬೀಳಿಸುತ್ತದೆ. ಊಟಕ್ಕೆ ಕೂತಾಗ ಬಿಚ್ಚಿ ಅಡ್ಡ ಮಲಗಿಸಿದರೆ ಅವೆಲ್ಲ ಫಿಲ್ಟರಿಗೆ ಸುರಿಯುತ್ತವೆ. ಸಂಜೆ ಫಿಲ್ಟರ್ ಮೇಲೆ ಕಣ್ಣಿಗೆ ಕಾಣುವಂಥ ಹರಳುಗಳಿದ್ದರೆ ಹಾಗಾಗಿದೆ ಎಂದೇ ಅರ್ಥ.

ಇಡೀ ದಿನ ಅಲ್ಲೇ ಇರಿ. ಪಂಪ್ ಕಟ್ಟಿ ಹೋಗಿ ಸಂಜೆ ಬಂದು ಬಿಚ್ಚಿದರೆ ಆ ಅಂಕಿಗೆ ಕಥೆ ಇರುವುದಿಲ್ಲ. ಕರೆಂಟ್ ಎಷ್ಟು ಹೊತ್ತು ಹೋಗಿತ್ತು, ಜಾ ಕ್ರಷರ್ ಎಷ್ಟು ಸಲ ಜಾಮ್ ಆಯಿತು, ನೀರಿನ ಟ್ಯಾಂಕರ್ ಎಷ್ಟು ಸಲ ಬಂತು ಎಂದು ಬರೆದುಕೊಳ್ಳಿ. ಸ್ಯಾಂಪಲ್ ದಿನ ಮಾತ್ರ ಸ್ಪ್ರೇ ನಾಝಲ್‌ಗಳೆಲ್ಲ ಜೋರಾಗಿ ಚಿಮ್ಮುತ್ತಿವೆಯೇ ಎಂಬ ಸಂಶಯ ಬಂದರೆ ಟ್ಯಾಂಕರ್ ಬಿಲ್ ಕೇಳಿ ನೋಡಿ. ಬೇರೆ ದಿನ ಎರಡು ಟ್ಯಾಂಕರ್, ಇವತ್ತು ಆರು ಎಂದಿದ್ದರೆ ಈ ದಿನವನ್ನು ಸಾಮಾನ್ಯ ದಿನ ಎಂದು ಒಪ್ಪಬೇಡಿ.

ಆರನೆಯದು: ಗುಂಪು ನಿಜಕ್ಕೂ ಗುಂಪೇ?

ಈಗ ಲೆಕ್ಕ. ಹಾಜರಿ ಪುಸ್ತಕ ನಂಬಿ ಒಂಬತ್ತೂ ಹೆಲ್ಪರ್‌ಗಳನ್ನು ಒಂದೇ ಗುಂಪು ಮಾಡಿದ್ದರೆ ಏನಾಗುತ್ತಿತ್ತು ಎಂದು ಮೊದಲು ನೋಡೋಣ. ಆರು ಸ್ಯಾಂಪಲ್: 0.008, 0.012, 0.015, 0.09, 0.11, 0.16. ಸರಾಸರಿ 0.066. ಈ 0.066 ಅಲ್ಲಿ ಯಾರೊಬ್ಬರದೂ ಅಲ್ಲ. ಯಾರ್ಡಿನವರಿಗೆ ಅದು ಅನವಶ್ಯಕ ಭಯ, ಬೆಲ್ಟಿನವರಿಗೆ ಸುಳ್ಳು ಸಮಾಧಾನ.

ಧೂಳಿನ ಅಂಕಿಗಳು ಸಾಮಾನ್ಯವಾಗಿ ಕೆಳಗೆ ಗುಂಪಾಗಿ, ಮೇಲೆ ಉದ್ದ ಬಾಲ ಬಿಟ್ಟುಕೊಂಡು ಇರುತ್ತವೆ. ಅದಕ್ಕೇ ಲಾಗ್ ತೆಗೆದು ಲೆಕ್ಕ ಮಾಡುವುದು. ಗುಣೋತ್ತರ ಸರಾಸರಿ ಮತ್ತು ಗುಣೋತ್ತರ ವಿಚಲನೆ, ಇವೆರಡು ಸಾಕು. ಎಕ್ಸೆಲ್‌ನಲ್ಲಿ ಅಂಕಿಗಳು B2ರಿಂದ B7ರವರೆಗೆ ಇದ್ದರೆ, D1ರಲ್ಲಿ ಸರಾಸರಿ, D2ರಲ್ಲಿ ವಿಚಲನೆ, D3ರಲ್ಲಿ ಮುಂದೆ ಹೇಳುವ ಪರೀಕ್ಷೆ:

```
=EXP(AVERAGE(LN(B2:B7)))
=EXP(STDEV.S(LN(B2:B7)))
=(LN(0.05)-LN(D1))/LN(D2)
```

ಹಳೆಯ ಎಕ್ಸೆಲ್ ಆದರೆ ಮೊದಲೆರಡಕ್ಕೆ Ctrl+Shift+Enter ಒತ್ತಬೇಕು.

ಮೇಲಿನ ಆರು ಅಂಕಿಗಳಿಗೆ ವಿಚಲನೆ 3.7 ಬರುತ್ತದೆ. 3 ದಾಟಿದರೆ ಗುಂಪಿನೊಳಗೆ ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ ಎಂದು ಅನುಮಾನಿಸುವುದು ರೂಢಿ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು: ಅಂಕಿ ನೋಡಿ ಗುಂಪು ಒಡೆಯಬಾರದು. ಹೆಚ್ಚು ಬಂದದ್ದನ್ನು ಒಂದು ಕಡೆ, ಕಡಿಮೆ ಬಂದದ್ದನ್ನು ಇನ್ನೊಂದು ಕಡೆ ಹಾಕಿದರೆ ಯಾವ ಗುಂಪಾದರೂ ಚೆನ್ನಾಗಿಯೇ ಕಾಣುತ್ತದೆ. ನಿಮ್ಮ ಹದಿನೈದು ನಿಮಿಷದ ಹಾಳೆಗೆ ಹಿಂದಿರುಗಿ. ಕಡಿಮೆ ಬಂದ ಮೂವರೂ ಯಾರ್ಡಿನವರು, ಹೆಚ್ಚು ಬಂದ ಮೂವರೂ ಬೆಲ್ಟಿನವರು ಎಂದು ಹಾಳೆ ಹೇಳಿದರೆ ಮಾತ್ರ ಒಡೆಯಿರಿ. ಕೆಲಸದಲ್ಲಿ ಕಾರಣ ಸಿಗದಿದ್ದರೆ ಗುಂಪು ಹಾಗೇ ಇರಲಿ, ಸ್ಯಾಂಪಲ್ ಹೆಚ್ಚಿಸಿ.

ಏಳನೆಯದು: ತೀರ್ಮಾನ

ಎರಡೂ ಗುಂಪಿಗೆ ಇನ್ನು ಮೂರು ಮೂರು ಸ್ಯಾಂಪಲ್ ತೆಗೆದು ಆರಾರು ಮಾಡಿದಿರಿ ಎನ್ನಿ.

ಬೆಲ್ಟ್ ಗುಂಪು: 0.09, 0.11, 0.16, 0.07, 0.13, 0.10. ಇಲ್ಲಿ ಯಾವ ಲೆಕ್ಕವೂ ಬೇಡ. ಆರಕ್ಕೆ ಆರೂ 0.05 ಮೀರಿವೆ, ಕಾನೂನಿನ ಸೂತ್ರದ 0.09ನ್ನೂ ನಾಲ್ಕು ಮೀರಿವೆ. ನಿಜ ಹೇಳಬೇಕೆಂದರೆ ಮೊದಲ ಮೂರು ಬಂದಾಗಲೇ ನಿಲ್ಲಿಸಿ, ಉಳಿದ ಮೂರರ ಲ್ಯಾಬ್ ಖರ್ಚನ್ನು ಬೆಲ್ಟಿನ ಸ್ಕರ್ಟ್ ರಬ್ಬರ್ ಬದಲಿಸಲು, ಪುಡಿ ಸೋರದಂತೆ ಮಾಡಲು, ಒಣ ಗುಡಿಸುವುದನ್ನು ನಿಲ್ಲಿಸಲು ಹಾಕಬಹುದಿತ್ತು. ಅದಾದ ಮೇಲೆ ಹೊಸದಾಗಿ ಅಳೆದರಾಯಿತು.

ಯಾರ್ಡ್ ಗುಂಪು: 0.008, 0.012, 0.015, 0.010, 0.021, 0.013. ಇಲ್ಲಿ ಲೆಕ್ಕಕ್ಕೆ ಬೆಲೆಯಿದೆ. ಎಲ್ಲವೂ 0.05ರ ಕೆಳಗೇ ಇವೆ, ಆದರೆ ಅಳೆಯದ ದಿನಗಳ ಕಥೆ ಏನು? ಯುರೋಪಿನ ಇಎನ್ 689 ಮಾನದಂಡ ಕೇಳುವುದು ಇದನ್ನೇ: ಈ ಗುಂಪಿನ ನೂರು ಶಿಫ್ಟ್‌ಗಳಲ್ಲಿ ಮಿತಿ ಮೀರುವುದು ಐದಕ್ಕಿಂತ ಕಡಿಮೆ ಎಂದು ಶೇ 70ರಷ್ಟು ಖಾತ್ರಿಯಿಂದ ಹೇಳಬಲ್ಲಿರಾ? ಆರು ಸ್ಯಾಂಪಲ್ ಇದ್ದರೆ D3ರಲ್ಲಿ ಕನಿಷ್ಠ 2.187 ಬರಬೇಕು. ಎಂಟಿದ್ದರೆ 2.072 ಸಾಕು, ಹತ್ತಿದ್ದರೆ 2.005.

ನಮ್ಮ ಗುಣೋತ್ತರ ಸರಾಸರಿ 0.0126, ವಿಚಲನೆ 1.4. D3ರಲ್ಲಿ ಸುಮಾರು 4.15. ಗುಂಪು ನಿರಾಳವಾಗಿ ಪಾಸ್. ಈಗ ಅದೇ ಅಂಕಿಗಳಿಗೆ 0.05ರ ಬದಲು 0.025 ಹಾಕಿ ನೋಡಿ. ಬರುವುದು 2.07, ಅಂದರೆ ಫೇಲ್. ಆರರಲ್ಲಿ ಒಂದೂ 0.025 ಮೀರಿಲ್ಲ, ಆದರೂ ಫೇಲ್! ಆರೇ ಸ್ಯಾಂಪಲ್‌ಗಳಿಂದ ಅಷ್ಟು ಬಿಗಿಯಾದ ಮಿತಿಗೆ ಖಾತ್ರಿ ಕೊಡಲು ಆಗುವುದಿಲ್ಲ ಎಂಬುದಷ್ಟೇ ಇದರ ಅರ್ಥ. ಇನ್ನೆರಡು ಮೂರು ಸ್ಯಾಂಪಲ್ ಸೇರಿಸಿದರೆ ಚಿತ್ರ ಯಾವ ಕಡೆಗಾದರೂ ತಿರುಗಬಹುದು. ಮಿತಿಯನ್ನು ಮೊದಲೇ ಬರೆದಿಡಿ ಎಂದು ಹೇಳಿದ್ದು ಇದಕ್ಕೇ.

ಸ್ಯಾಂಪಲ್ ಕಡಿಮೆ ಮಾಡಲು ಅದೇ ಮಾನದಂಡದಲ್ಲಿ ಒಂದು ದಾರಿಯಿದೆ. ಮೂರು ಸ್ಯಾಂಪಲ್ ತೆಗೆದು ಮೂರೂ ಮಿತಿಯ ಹತ್ತನೇ ಒಂದು ಭಾಗಕ್ಕಿಂತ ಕೆಳಗಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ಆದರೆ 0.05ರ ಹತ್ತನೇ ಒಂದು ಭಾಗ 0.005, ನಮ್ಮ ಎಂಟು ಗಂಟೆಯ ಸ್ಯಾಂಪಲ್‌ನಲ್ಲಿ ಲ್ಯಾಬ್ ಕಾಣಬಲ್ಲದ್ದು 0.006. ಅಂದರೆ ನೈಲಾನ್ ಸೈಕ್ಲೋನ್ ಇಟ್ಟುಕೊಂಡು ವೇಬ್ರಿಡ್ಜ್‌ನವರಿಗೂ ಈ ಅಡ್ಡದಾರಿ ಸಿಗುವುದಿಲ್ಲ. ಐದು ಸ್ಯಾಂಪಲ್ ತೆಗೆದು ಐದೂ ಐದನೇ ಒಂದು ಭಾಗದ, ಅಂದರೆ 0.01ರ ಕೆಳಗಿದ್ದರೆ ಒಪ್ಪಬಹುದು ಎಂಬ ಇನ್ನೊಂದು ಮೆಟ್ಟಿಲು ಅವರಿಗೆ ಸರಿಹೋಗುತ್ತದೆ.

ಫಿಟ್ಟರ್‌ಗಳು

ಇವರನ್ನು ಬೇರೆ ಯಾವ ಗುಂಪಿಗೂ ಸೇರಿಸದೆ ಇಟ್ಟದ್ದಕ್ಕೆ ಕಾರಣವಿದೆ. ಹೆಚ್ಚಿನ ದಿನ ಅವರು ವರ್ಕ್‌ಶಾಪಿನಲ್ಲಿ ಗ್ರೀಸ್, ಬೋಲ್ಟ್ ಜೊತೆ ಇರುತ್ತಾರೆ. ಸ್ಕ್ರೀನ್ ಜಾಲರಿ ಬದಲಿಸುವ ದಿನ, ಕ್ರಷರ್‌ನ ಒಳಗಿನ ಲೈನರ್ ಬದಲಿಸುವ ದಿನ ಮಾತ್ರ ಧೂಳು ಮೆತ್ತಿದ ಪೆಟ್ಟಿಗೆಯೊಳಗೇ ಇಳಿಯುತ್ತಾರೆ. ಚೀಟಿ ಎತ್ತಿ ಆರಿಸಿದ ಆರು ದಿನಗಳಲ್ಲಿ ಅಂಥ ಒಂದು ದಿನ ಸಿಗದೇ ಹೋಗುವ ಸಾಧ್ಯತೆಯೇ ಹೆಚ್ಚು, ಆಗ ಫಿಟ್ಟರ್‌ಗಳೇ ಇಡೀ ಕ್ರಷರ್‌ನಲ್ಲಿ ಸುರಕ್ಷಿತರಂತೆ ಕಾಣುತ್ತಾರೆ. ಹಾಗಾಗಿ ಇವರಿಗೆ ಚೀಟಿ ಬೇಡ. ಜಾಲರಿ ಬದಲಿಸುವ ದಿನ ಯಾವುದೆಂದು ಮೊದಲೇ ಕೇಳಿಕೊಂಡು, ಆ ಕೆಲಸದ ಅವಧಿಗೆ ಒಂದು ಫಿಲ್ಟರ್, ಉಳಿದ ಹೊತ್ತಿಗೆ ಇನ್ನೊಂದು ಫಿಲ್ಟರ್ ಹಾಕಿ. ಎರಡು ಗಂಟೆಯ ಕೆಲಸಕ್ಕೆ 0.30, ಉಳಿದ ಆರು ಗಂಟೆಗೆ 0.01 ಎಂದು ಬಂದರೆ, 0.60 ಮತ್ತು 0.06 ಕೂಡಿ ಎಂಟರಿಂದ ಭಾಗಿಸಿ: 0.08. ಒಂದೇ ದಿನದ ಈ ಎರಡು ಗಂಟೆಯೇ ಅವರನ್ನು ಮಿತಿಯಾಚೆ ತಳ್ಳಿತು. ಅಲ್ಲಿ ಜಾಲರಿ ಬಿಚ್ಚುವ ಮೊದಲು ಪೆಟ್ಟಿಗೆಯನ್ನು ನೀರಿನಿಂದ ತೊಳೆದು, ಆ ಎರಡು ಗಂಟೆಗೆ ಮಾತ್ರ ಮುಖಕ್ಕೆ ಸರಿಯಾಗಿ ಕೂರುವ ರೆಸ್ಪಿರೇಟರ್ ಕೊಟ್ಟು, ಮುಂದಿನ ಸಲ ಜಾಲರಿ ಬದಲಿಸುವಾಗ ಅದೇ ರೀತಿ ಎರಡು ಫಿಲ್ಟರ್ ಹಾಕಿ ಮತ್ತೆ ಅಳೆಯಿರಿ.